ಟೋಪಿಗೆ ತಲೆ ಅಳತೆ ತಗೊಳೋದು ಹೇಗೆ, ಹಿಂದಿನ ಪಟ್ಟಿ ಎಲ್ಲಿ ತನಕ ಕೆಲಸ ಮಾಡತ್ತೆ: ಪೂರ್ತಿ ವಿವರ

ಶಿವಮೊಗ್ಗದಲ್ಲಿ ಕ್ಯಾಪಿಗೆ ಪ್ರಿಂಟ್ ಹಾಕಿ ಕೊಡೋ ಕೆಲಸ ನಮ್ದು. ಕ್ರಿಕೆಟ್ ಟೀಮು, ಶಾಲೆ ಸ್ಪೋರ್ಟ್ಸು, ಸಂಘದ ವಾರ್ಷಿಕೋತ್ಸವ, ಹೀಗೆ ಆರ್ಡರ್ ಬರತ್ತೆ. ಫೋನಲ್ಲಿ ಎಲ್ಲರೂ ಹೇಳೋದು ಒಂದೇ, "ಸೈಜ್ ಎಂತದೂ ಬೇಡ, ಹಿಂದೆ ಅಡ್ಜಸ್ಟ್ ಆಗತ್ತಲ್ಲ, ಅದೇ ಕೊಡಿ". ಆಮೇಲೆ ಒಂದು ವಾರ ಬಿಟ್ಟು ಅದರಲ್ಲಿ ಮೂರು ನಾಲ್ಕು ಜನ ಫೋನ್ ಮಾಡ್ತಾರೆ, ಒಬ್ಬರಿಗೆ ಹಣೆ ಮೇಲೆ ಕೆಂಪು ಗೆರೆ ಬೀಳತ್ತೆ, ಇನ್ನೊಬ್ಬರದ್ದು ಬೈಕ್ ಹಿಂದೆ ಕೂತ್ರೆ ಗಾಳಿಗೆ ಹಾರಿ ಹೋಗತ್ತೆ, ಮತ್ತೊಬ್ಬರಿಗೆ ಬಗ್ಗಿದ ತಕ್ಷಣ ಹಿಂದಿನ ಗುಂಡಿ ಟಕ್ ಅಂತ ಬಿಚ್ಚಿಕೊಳ್ಳತ್ತೆ. ಕ್ಯಾಪ್ ಕೆಟ್ಟದ್ದು ಅಂತಲ್ಲ. ಹಿಂದಿನ ಪಟ್ಟಿಗೆ ಒಂದು ಮಿತಿ ಇದೆ, ನಿಮ್ಮ ತಲೆ ಆ ಮಿತಿಯ ಯಾವ ಜಾಗದಲ್ಲಿ ಬೀಳತ್ತೆ ಅನ್ನೋದು ಗೊತ್ತಿಲ್ದೆ ತಗೊಂಡಿದ್ದಕ್ಕೆ ಹೀಗಾಗೋದು. ನಡುವಲ್ಲಿ ಬಿದ್ರೆ ವರ್ಷಗಟ್ಟಲೆ ಏನೂ ತೊಂದ್ರೆ ಇಲ್ಲ, ತುದಿಯಲ್ಲಿ ಬಿದ್ರೆ ದಿನಾ ಕಿರಿಕಿರಿ. ಇದನ್ನ ಮನೇಲೇ ನೋಡ್ಕೋಬಹುದು, ಹತ್ತು ನಿಮಿಷದ ಕೆಲಸ.

ಮೊದಲು ಅಳೆಯೋದಕ್ಕೆ ಎಂತ ಬೇಕು

ಟೈಲರ್ ಹತ್ರ ಇರೋ ಬಟ್ಟೆ ಟೇಪು ಇದ್ರೆ ಸಾಕು. ಆದ್ರೆ ಹಳೇ ಟೇಪು ಎಳೆದು ಎಳೆದು ಉದ್ದ ಆಗಿರತ್ತೆ, ಅದಕ್ಕೆ ಮಕ್ಕಳ 30 ಸೆಂಟಿಮೀಟರ್ ಸ್ಕೇಲ್ ಪಕ್ಕ ಒಂದ್ಸಲ ಇಟ್ಟು ನೋಡಿ, ಎರಡರ 30 ಒಂದೇ ಕಡೆ ಬರಬೇಕು. ಅಲ್ಲೇ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದ್ರೆ ತಲೆ ಪೂರ್ತಿ ಅಳೆಯೋ ಹೊತ್ತಿಗೆ ಅದು ಒಂದು ಸೆಂಟಿಮೀಟರ್ ಆಗತ್ತೆ, ಅಂದ್ರೆ ಸೈಜೇ ಬದಲಾಗತ್ತೆ. ಬಡಗಿಯವರ ಸ್ಟೀಲ್ ಟೇಪಲ್ಲಿ ಅಳೀಬೇಡಿ, ಅದು ತಲೆಗೆ ಅಂಟಿಕೊಂಡು ಬಗ್ಗಲ್ಲ, ಮೂಲೆ ಮೂಲೆಯಲ್ಲಿ ಎದ್ದು ನಿಲ್ಲತ್ತೆ. ಚಾರ್ಜರ್ ವೈರೂ ಅಷ್ಟೇ. ಎಲಾಸ್ಟಿಕ್ ಇರೋ ದಾರವಂತೂ ಮುಟ್ಟಲೇಬೇಡಿ.

ಟೇಪೇ ಇಲ್ಲದಿದ್ರೆ ನಂಗೆ ಇಷ್ಟ ಆಗೋ ವಿಧಾನ ಹಳೇ ಕ್ಯಾಲೆಂಡರ್ ಹಾಳೆ. ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಒಂದು ಸಾಲದಿದ್ರೆ ಎರಡು ಪಟ್ಟಿ ಗಮ್‌ಟೇಪ್ ಹಾಕಿ ಸೇರಿಸಿ, ಒಟ್ಟು 70 ಸೆಂಟಿಮೀಟರ್ ಬಂದ್ರೆ ಸಾಕು. ಕ್ಯಾಲೆಂಡರ್ ಕಾಗದ ದಪ್ಪ ಇರತ್ತೆ, ಹಿಗ್ಗಲ್ಲ, ಪೆನ್ನಲ್ಲಿ ಗುರುತು ಹಾಕಬಹುದು. ಟೇಪ್ ಇದ್ರೂ ಈ ಪಟ್ಟಿ ಒಂದು ಮಾಡಿಟ್ಕೊಳ್ಳಿ, ಕ್ಯಾಪಿನ ಒಳಗೆ ಅಳೆಯೋದಕ್ಕೆ ಇದೇ ಬೇಕಾಗತ್ತೆ, ಮುಂದೆ ಹೇಳ್ತೀನಿ.

ಟೇಪು ತಲೆ ಮೇಲೆ ಎಲ್ಲಿ ಕೂರಬೇಕು

ಕನ್ನಡಿ ಮುಂದೆ ನಿಂತ್ಕೊಳ್ಳಿ. ಹಣೆ ಮೇಲೆ ಹುಬ್ಬಿಂದ ಸುಮಾರು ಒಂದು ಬೆರಳು ಅಗಲ ಮೇಲೆ ಟೇಪ್ ಇಡಿ, ಅಲ್ಲಿಂದ ಎರಡೂ ಕಿವಿಯ ಸ್ವಲ್ಪ ಮೇಲೆ ಹಾಯಿಸಿ, ಹಿಂದೆ ತಲೆಯ ಉಬ್ಬು ಇರತ್ತಲ್ಲ, ಕೈ ಆಡಿಸಿದ್ರೆ ಗೊತ್ತಾಗತ್ತೆ, ಆ ಉಬ್ಬಿನ ಅತೀ ಹೊರಗೆ ಬಂದಿರೋ ಜಾಗದ ಮೇಲೆ ಸುತ್ತಬೇಕು. ಇಲ್ಲೇ ಹೆಚ್ಚಿನವರು ಎಡವೋದು. ಮುಂದೆ ಸರಿ ಇಟ್ಕೊಂಡಿರ್ತಾರೆ, ಹಿಂದೆ ಕಣ್ಣಿಗೆ ಕಾಣಲ್ಲ, ಟೇಪು ಉಬ್ಬಿನ ಮೇಲಿಂದ ಜಾರಿ ನೆತ್ತಿ ಕಡೆಗೆ ಹೋಗಿರತ್ತೆ ಅಥವಾ ಕೆಳಗೆ ಕುತ್ತಿಗೆ ಕಡೆಗೆ ಇಳಿದಿರತ್ತೆ, ಎರಡರಲ್ಲೂ ಅಳತೆ ಕಡಿಮೆ ಬರತ್ತೆ. ಆದ್ರಿಂದ ಹಿಂದಿನ ಭಾಗ ಮನೆಯವರಲ್ಲಿ ಯಾರಾದ್ರೂ ನೋಡಿ ಹೇಳೋದು ಒಳ್ಳೇದು. ಒಬ್ಬರೇ ಇದ್ರೆ ಹಿಂದಿನ ಟೇಪನ್ನ ಬೆರಳಲ್ಲಿ ಮೇಲೆ ಕೆಳಗೆ ಸ್ವಲ್ಪ ಸರಿಸ್ತಾ ನೋಡಿ, ಯಾವ ಜಾಗದಲ್ಲಿ ಓದು ಅತೀ ಜಾಸ್ತಿ ಬರತ್ತೋ ಅದೇ ಸರಿಯಾದ ಜಾಗ.

ಬಿಗಿ ಎಷ್ಟಿರಬೇಕು ಅಂದ್ರೆ, ಟೇಪು ಚರ್ಮಕ್ಕೆ ತಾಗಿಕೊಂಡಿರಬೇಕು, ಒತ್ತಬಾರದು. ತೆಗೆದ ಮೇಲೆ ಹಣೆ ಮೇಲೆ ಗೆರೆ ಉಳಿದ್ರೆ ಜಾಸ್ತಿ ಎಳೆದಿದ್ದೀರಿ ಅಂತ ಅರ್ಥ. ಕೆಲವರು ಟೇಪಿನ ಒಳಗೆ ಒಂದು ಬೆರಳು ಇಟ್ಕೊಂಡು ಅಳೀತಾರೆ, ಕೆಲವರು ಹಾಗೇ ಅಳೆದು ಬಂದಿದ್ದಕ್ಕೆ ಒಂದು ಸೆಂಟಿಮೀಟರ್ ಕೂಡಿಸ್ತಾರೆ. ಎರಡೂ ಆರಾಮಕ್ಕೆ ಜಾಗ ಬಿಡೋ ದಾರಿನೇ, ಆದ್ರೆ ಎರಡನ್ನೂ ಒಟ್ಟಿಗೆ ಮಾಡಿದ್ರೆ ಒಂದು ಸೈಜು ದೊಡ್ಡದಾಗಿ ಹೋಗತ್ತೆ. ನಾನು ಹೇಳೋದು, ಬೆರಳೂ ಬೇಡ ಕೂಡಿಸೋದೂ ಬೇಡ, ತಲೆ ಎಷ್ಟಿದೆಯೋ ಅಷ್ಟೇ ಬರ್ಕೊಳ್ಳಿ. ಹೆಚ್ಚಿನ ಚಾರ್ಟಲ್ಲಿ ಕೊಡೋದು ತಲೆಯ ಅಳತೆನೇ. ಎರಡು ಸೈಜಿನ ನಡುವೆ ಬಂದ್ರೆ ಮಾತ್ರ ದೊಡ್ಡದು ತಗೊಳ್ಳಿ.

ಒಂದ್ಸಲ ಅಳೆದು ಬಿಡಬೇಡಿ, ಟೇಪು ಪೂರ್ತಿ ತೆಗೆದು ಮತ್ತೆ ಹೊಸದಾಗಿ ಸುತ್ತಿ. ಎರಡು ಸಲ ಒಂದೇ ಅಂಕೆ ಬಂದ್ರೆ ಅದು ನಿಮ್ಮ ಅಳತೆ. ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಆಚೀಚೆ ಆಗ್ತಾ ಇದ್ರೆ ಟೇಪು ಎಲ್ಲೋ ಓರೆ ಆಗ್ತಿದೆ. ಇನ್ನೊಂದು, ಟೇಪಿನ ಒಂದು ಮುಖ ಇಂಚು ಇನ್ನೊಂದು ಮುಖ ಸೆಂಟಿಮೀಟರ್ ಇರತ್ತೆ, ದೊಡ್ಡವರ ತಲೆ ಹೆಚ್ಚಾಗಿ 54ರಿಂದ 61 ಸೆಂಟಿಮೀಟರ್ ಒಳಗೆ ಬರತ್ತೆ, ಇಂಚಲ್ಲಿ 21ರಿಂದ 24, ಅದಕ್ಕಿಂತ ತುಂಬಾ ಬೇರೆ ಅಂಕೆ ಬಂದ್ರೆ ಮತ್ತೆ ನೋಡಿ.

ಕೂದಲಿನ ವಿಷ್ಯ. ಟೋಪಿ ಹಾಕೋವಾಗ ಕೂದಲು ಹೇಗಿರತ್ತೋ ಹಾಗೇ ಇಟ್ಕೊಂಡು ಅಳೀಬೇಕು. ಜಡೆ ಹಾಕೋರು ಜಡೆ ಹಾಕಿಯೇ ಅಳೀರಿ, ದಪ್ಪ ಗುಂಗುರು ಕೂದಲು ಇದ್ರೆ ಅದನ್ನ ಒತ್ತಿ ಚಪ್ಪಟೆ ಮಾಡಿ ಅಳೆದ್ರೆ ಟೋಪಿ ಕೂರಲ್ಲ. ತುರುಬು ಕಟ್ಟೋರಿಗೆ ಹಿಂದೆ ತೂತು ಇರೋ ಕ್ಯಾಪೇ ಆಗ್ಬೇಕು, ತುರುಬಿನ ಮೇಲೆ ಕ್ಯಾಪ್ ಹಾಕಿದ್ರೆ ಯಾವ ಪಟ್ಟಿನೂ ಅದನ್ನ ಸರಿ ಮಾಡಲ್ಲ, ಮುಂದಕ್ಕೆ ತಳ್ಳಿಕೊಂಡು ಕಣ್ಣಿಗೆ ಬರತ್ತೆ.

ಈಗ ಕ್ಯಾಪನ್ನ ಅಳೆಯೋದು

ಇದನ್ನ ಯಾರೂ ಮಾಡಲ್ಲ, ಆದ್ರೆ ನನ್ನ ಪ್ರಕಾರ ಇದೇ ಮುಖ್ಯ. ಮನೇಲಿ ಒಂದು ಹಳೇ ಕ್ಯಾಪ್ ಇರತ್ತೆ ಅಲ್ವಾ, ಹಿಂದೆ ಪ್ಲಾಸ್ಟಿಕ್ ಪಟ್ಟಿ, ಒಂದು ಕಡೆ ಗುಂಡಿ ಇನ್ನೊಂದು ಕಡೆ ತೂತು ಇರೋದು. ಅದನ್ನ ಮೊದಲು ಅತೀ ಚಿಕ್ಕದು ಮಾಡಿ, ಅಂದ್ರೆ ಎಲ್ಲಾ ಗುಂಡಿನೂ ತೂತಿಗೆ ಹಾಕಿ. ಕ್ಯಾಲೆಂಡರ್ ಪಟ್ಟಿಯನ್ನ ಬಳೆ ಥರ ಸುರುಳಿ ಮಾಡಿ ಕ್ಯಾಪಿನ ಒಳಗೆ, ಬೆವರು ಹೀರೋ ಬಟ್ಟೆ ಪಟ್ಟಿ ಇರತ್ತಲ್ಲ ಅದರ ಮೇಲೆ ಅಂಚಿಗೆ ಸರಿಯಾಗಿ ಇಡಿ, ಕೈ ಬಿಟ್ರೆ ಕಾಗದ ತಾನೇ ಬಿಚ್ಚಿಕೊಂಡು ಸುತ್ತ ಒತ್ತಿ ಕೂರತ್ತೆ. ಹಿಂದಿನ ಪ್ಲಾಸ್ಟಿಕ್ ಪಟ್ಟಿಯ ಒಳಮೈಗೂ ಅದು ತಾಗಿರಬೇಕು, ಮೇಲಿನ ಅರ್ಧಚಂದ್ರದ ತೂತಿಂದ ಹೊರಗೆ ಹೋಗಬಾರದು. ಕಾಗದದ ತುದಿ ಎಲ್ಲಿ ಒಂದರ ಮೇಲೊಂದು ಬಂತೋ ಅಲ್ಲಿ ಪೆನ್ನಲ್ಲಿ ಗೆರೆ ಹಾಕಿ ಹೊರಗೆ ತೆಗೆದು ಸ್ಕೇಲಲ್ಲಿ ಅಳೀರಿ. ಆಮೇಲೆ ಅತೀ ದೊಡ್ಡದು ಮಾಡಿ, ಒಂದೇ ಗುಂಡಿ ಒಂದೇ ತೂತು, ಮತ್ತೆ ಅದೇ ಥರ ಅಳೀರಿ.

ಎರಡು ಅಂಕೆ ಸಿಕ್ತು. ದೊಡ್ಡದ್ರಿಂದ ಚಿಕ್ಕದು ಕಳೆದು, ಒಟ್ಟು ತೂತಿಗಿಂತ ಒಂದು ಕಡಿಮೆ ಅಂಕೆಯಿಂದ ಭಾಗಿಸಿದ್ರೆ ಒಂದು ತೂತಿಗೆ ಎಷ್ಟು ಹಿಗ್ಗತ್ತೆ ಅಂತ ಬರತ್ತೆ. ನಮ್ಮ ಹತ್ರ ಇರೋ ಒಂದು ಕ್ಯಾಪು ಹೀಗಿದೆ: ಏಳು ತೂತು, ಚಿಕ್ಕದಕ್ಕೆ 54.5, ದೊಡ್ಡದಕ್ಕೆ 60.5. ವ್ಯತ್ಯಾಸ 6, ಆರು ಹೆಜ್ಜೆ, ಅಂದ್ರೆ ಒಂದು ತೂತಿಗೆ ಒಂದು ಸೆಂಟಿಮೀಟರ್. ಇದೇ ಕ್ಯಾಪಿನ ಮೇಲೆ 55ರಿಂದ 60 ಅಂತ ಬರೆದಿದ್ರೂ ಅದು ಸುಳ್ಳಲ್ಲ, ಆದ್ರೆ ಆ ಎರಡು ತುದಿಯಲ್ಲಿ ಹಾಕ್ಕೊಳೋದು ಬೇರೆ, ನಡುವಲ್ಲಿ ಹಾಕ್ಕೊಳೋದು ಬೇರೆ.

ಯಾಕಂದ್ರೆ ದೊಡ್ಡ ತುದಿಯಲ್ಲಿ ಒಂದೇ ಗುಂಡಿ ಇಡೀ ಎಳೆತವನ್ನ ಹಿಡ್ಕೊಂಡಿರತ್ತೆ. ಬಗ್ಗಿದ್ರೆ, ತಲೆ ತುರಿಸ್ಕೊಂಡ್ರೆ, ಒಂದು ಕೈಯಲ್ಲಿ ಕ್ಯಾಪ್ ತೆಗೆದ್ರೆ ಅದು ಬಿಚ್ಚತ್ತೆ. ಎರಡು ಗುಂಡಿ ಸಿಕ್ಕಿದ್ರೆ ಪಟ್ಟಿ ತಿರುಗಲ್ಲ, ಗಟ್ಟಿ ನಿಲ್ಲತ್ತೆ. ಅದಕ್ಕೇ ನನ್ನ ಲೆಕ್ಕದಲ್ಲಿ ಕೊನೇ ತೂತು ಇದ್ದೂ ಇಲ್ಲದ ಹಾಗೆ. ಚಿಕ್ಕ ತುದಿಯಲ್ಲಿ ತೊಂದ್ರೆ ಬೇರೆ ಥರದ್ದು, ಪಟ್ಟಿ ಪೂರ್ತಿ ಒಳಗೆ ಬಂದಾಗ ಹಿಂದಿನ ಬಟ್ಟೆ ಮಡಿಕೆ ಬಿದ್ದು ಕೊಂಬಿನ ಥರ ಎರಡು ಕಡೆ ಎದ್ದು ನಿಲ್ಲತ್ತೆ, ಮುಂದಿನ ಚಾಚು ಪಕ್ಕಕ್ಕೆ ಎಳೆದುಕೊಂಡು ಜಾಸ್ತಿ ಬಾಗತ್ತೆ. ಕನ್ನಡಿಯಲ್ಲಿ ಪಕ್ಕದಿಂದ ನೋಡಿದ್ರೆ ತಕ್ಷಣ ಗೊತ್ತಾಗತ್ತೆ. ಹಾಗಾಗಿ ಈ ಕ್ಯಾಪು ನಿಜವಾಗ್ಲೂ ಚೆನ್ನಾಗಿ ಕೂರೋದು 56ರಿಂದ 59ರ ತಲೆಗೆ.

ಮಾವಂದೂ ಅತ್ತೆದೂ

ತೀರ್ಥಹಳ್ಳಿ ಕಡೆ ನಮ್ಮ ಮಾವಂದು ತೋಟ. ಸುಗ್ಗೀಲಿ ಅಂಗಳದಲ್ಲಿ ಅಡಿಕೆ ಹರಗೋದು, ಬಿಸಿಲಲ್ಲಿ ದಿನಾ ಮಗುಚೋದು, ಮೊದಲೆಲ್ಲ ಹಾಳೆಟೋಪಿ ಹಾಕ್ತಿದ್ರು, ಈಗ ಕ್ಯಾಪ್ ಬೇಕು ಅಂದ್ರು. ಹಾಳೆಟೋಪಿಗೆ ಈ ಸೈಜಿನ ರಗಳೆ ಇಲ್ಲ, ಹಾಳೆ ಹಸಿ ಇರೋವಾಗ್ಲೇ ತಲೆಗೆ ಸರಿಯಾಗಿ ಮಡಚಿ ಹೊಲೀತಾರೆ, ಒಣಗಿದ ಮೇಲೆ ಅದೇ ಆಕಾರಕ್ಕೆ ನಿಲ್ಲತ್ತೆ. ಕ್ಯಾಪು ಹಾಗಲ್ಲ.

ಮಾವನ ತಲೆಗೆ ಟೇಪ್ ಹಾಕಿದಾಗ ಮೊದಲು 59.5 ಬಂತು. ಹಿಂದೆ ಹೋಗಿ ನೋಡಿದ್ರೆ ಟೇಪು ಉಬ್ಬಿಂದ ಎರಡು ಬೆರಳು ಮೇಲಿತ್ತು. ಇಳಿಸಿ ಅಳೆದ್ರೆ 60.5, ಮತ್ತೆ ತೆಗೆದು ಸುತ್ತಿದ್ರೂ 60.5. ಅತ್ತೆ ಅಲ್ಲೇ ಚಾವಡಿಯಲ್ಲಿ ಕೂತಿದ್ರು, "ಒಂದು ಟೋಪಿಗೆ ಇಷ್ಟೆಲ್ಲ ಎಂತಕ್ಕಾ ಮಾರಾಯ" ಅಂದ್ರು. "ನಿಮ್ದೂ ಅಳೀತೀನಿ ಕೂತ್ಕೊಳಿ ಅತ್ತೆ" ಅಂತ ಅವರದ್ದೂ ಅಳೆದೆ, ಜಡೆ ಸಮೇತ 54.5.

ಮೇಲೆ ಹೇಳಿದ ಕ್ಯಾಪು ಮಾವನಿಗೆ ಹಾಕಿದ್ರೆ ಕೊನೇ ಗುಂಡಿಗೇ ಸಿಗೋದು. ನಿಂತಾಗ ಸರಿ ಇತ್ತು, ಅಡಿಕೆ ಮಗುಚೋಕೆ ಬಗ್ಗಿದ್ರು ನೋಡಿ, ಬಿಚ್ಚಿಕೊಳ್ತು. ಅವರಿಗೆ ದೊಡ್ಡ ಸೈಜು ಅಂತಲೇ ಬರೋ, 58ರಿಂದ 63 ಬರೆದಿರೋ ಕ್ಯಾಪ್ ಹುಡುಕಿದ್ವಿ, 60.5 ಸರಿಯಾಗಿ ಅದರ ನಡುವಲ್ಲಿ ಬೀಳತ್ತೆ. ಅತ್ತೆಗೆ ಅದೇ ಮಾಮೂಲಿ ಕ್ಯಾಪ್ ಅತೀ ಚಿಕ್ಕದು ಮಾಡಿದ್ರೆ ಲೆಕ್ಕಕ್ಕೆ ಸರಿ ಆಗ್ತಿತ್ತು, ಆದ್ರೆ ಹಿಂದೆ ಆ ಮಡಿಕೆ, ಅದರ ಜೊತೆ ಏಳೂ ಗುಂಡಿ ಹಾಕಿದ್ರಿಂದ ಜಡೆ ಹೊರಗೆ ತೆಗೆಯೋ ತೂತು ಕಿರಿದಾಗಿ ಜಡೆ ಸಿಕ್ಕಿ ಎಳೀತಿತ್ತು. ಅವರಿಗೆ 52ರಿಂದ 57ರ ಚಿಕ್ಕ ಕ್ಯಾಪು, ವೆಲ್ಕ್ರೋ ಇರೋದು ತಂದ್ವಿ. ಒಂದೇ ಮನೆಯ ಎರಡು ತಲೆ, ಇಬ್ಬರಿಗೂ ಚಾರ್ಟ್ ಪ್ರಕಾರ ಒಂದೇ ಕ್ಯಾಪು ಹೆಚ್ಚುಕಡಿಮೆ ಆಗಬೇಕಿತ್ತು, ನಿಜದಲ್ಲಿ ಇಬ್ಬರಿಗೂ ಆಗ್ಲಿಲ್ಲ.

ಬೇರೆ ಬೇರೆ ಪಟ್ಟಿಗಳು

ವೆಲ್ಕ್ರೋದಲ್ಲಿ ತೂತಿನ ಹೆಜ್ಜೆ ಇಲ್ಲ, ಅರ್ಧ ಸೆಂಟಿಮೀಟರೂ ಹೊಂದಿಸಬಹುದು, ಅದು ಅದರ ಲಾಭ. ಒಂದರ ಮೇಲೊಂದು ಕನಿಷ್ಠ ಮೂರು ಬೆರಳು ಅಗಲ ಕೂತಿರಬೇಕು, ಬರೀ ತುದಿ ಅಂಟಿದ್ರೆ ಬೆವರಿಗೆ ಎದ್ದು ಬರತ್ತೆ. ನಮ್ಮ ಕಡೆ ವೆಲ್ಕ್ರೋಗೆ ಶತ್ರು ಅಂದ್ರೆ ಅಡಿಕೆ ಸಿಪ್ಪೆಯ ನಾರು ಮತ್ತು ಕಂಬಳಿ ಉಣ್ಣೆ, ಕೊಕ್ಕೆ ಇರೋ ಒರಟು ಭಾಗದಲ್ಲಿ ತುಂಬಿಕೊಂಡ್ರೆ ಹಿಡಿಯಲ್ಲ, ಜನ ಕೆಟ್ಟೋಯ್ತು ಅಂತ ಬಿಸಾಕ್ತಾರೆ. ಹಳೇ ಟೂತ್‌ಬ್ರಷ್, ಅದಕ್ಕೂ ಬರದಿದ್ರೆ ಪಿನ್ನು ತಗೊಂಡು ನಾರು ಕೆದಕಿ ತೆಗೆದ್ರೆ ಮತ್ತೆ ಹಿಡಿಯತ್ತೆ.

ಬಟ್ಟೆ ಪಟ್ಟಿಗೆ ಲೋಹದ ಬಕಲ್ ಇರೋದು ನೋಡೋಕೆ ಚಂದ, ಎಲ್ಲಿ ಬೇಕಾದ್ರೂ ನಿಲ್ಲತ್ತೆ, ಉಳಿದ ತುದಿ ಒಳಗೆ ಸೇರಿಸಬಹುದು. ಹೊಸದ್ರಲ್ಲಿ ಬಕಲ್ ಬಿಗಿ ಇರತ್ತೆ, ಹಳೇದಾದ ಮೇಲೆ ನಿಧಾನ ಜಾರೋಕೆ ಶುರು ಆಗತ್ತೆ. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನಕ್ಕೆ ಸಡಿಲ ಆಗ್ತಿದ್ರೆ ಅದೇ ಕಾರಣ. ಚರ್ಮದ ಪಟ್ಟಿ ಮಳೇಲಿ ನೆನೆದ್ರೆ ಹಿಗ್ಗತ್ತೆ, ಜೂನ್ ಜುಲೈಯಲ್ಲಿ ಬೂಸ್ಟೂ ಹಿಡಿಯತ್ತೆ, ಮಲೆನಾಡಿಗೆ ನಾನು ಅದನ್ನ ಹೇಳಲ್ಲ.

ಹಿಂದೆ ತೂತೇ ಇಲ್ಲದೆ ಒಳಗೆ ಎಲಾಸ್ಟಿಕ್ ಇರೋದಕ್ಕೆ ಎಸ್-ಎಂ, ಎಲ್-ಎಕ್ಸ್‌ಎಲ್ ಅಂತ ಜೋಡಿ ಸೈಜು ಬರತ್ತೆ. ಇದ್ರಲ್ಲಿ ಪಟ್ಟಿ ಸಡಿಲ ಮಾಡೋ ದಾರಿ ಇಲ್ಲ, ಹಾಗಾಗಿ ಅಳತೆ ಮೇಲಿನ ತುದಿಗೆ ಹತ್ತಿರ ಇದ್ರೆ ದೊಡ್ಡ ಜೋಡಿಗೇ ಹೋಗಿ. ಒಂದು ಗಂಟೆ ಹಾಕ್ಕೊಂಡಿದ್ದು ತೆಗೆದಾಗ ಹಣೆ ಮೇಲಿನ ಗೆರೆ ಹತ್ತು ನಿಮಿಷದಲ್ಲಿ ಹೋಗದಿದ್ರೆ ಅದು ಬಿಗಿ.

ಪಟ್ಟಿ ಸರಿ ಮಾಡದೇ ಇರೋ ಎರಡು ವಿಷ್ಯ

ಒಂದು, ಕ್ಯಾಪಿನ ಆಳ. ಹಿಂದಿನ ಪಟ್ಟಿ ಸುತ್ತಳತೆ ಮಾತ್ರ ಬದಲು ಮಾಡತ್ತೆ, ನೆತ್ತಿಯಿಂದ ಅಂಚಿನ ತನಕ ಎಷ್ಟು ಇಳೀಬೇಕು ಅನ್ನೋದನ್ನಲ್ಲ. ಸುತ್ತು ಸರಿ ಇದ್ದೂ ಕ್ಯಾಪು ತಲೆ ಮೇಲೆ ಇಟ್ಟ ಹಾಗೆ ಕಾಣತ್ತೆ, ಗಾಳಿಗೆ ಹಾರತ್ತೆ ಅಂದ್ರೆ ಆಳ ಸಾಲ್ತಿಲ್ಲ, ಆಗ ಜನ ಪಟ್ಟಿ ಬಿಗಿ ಮಾಡ್ತಾರೆ, ತಲೆನೋವು ಬರತ್ತೆ ಅಷ್ಟೇ. ನಿಮಗೆ ಚೆನ್ನಾಗಿ ಕೂರೋ ಹಳೇ ಕ್ಯಾಪು ತಗೊಂಡು ಮೇಲಿನ ಗುಬುಟಿನಿಂದ ಮುಂದಿನ ಚಾಚು ಶುರುವಾಗೋ ಹೊಲಿಗೆ ತನಕ ಟೇಪಲ್ಲಿ ಅಳೆದಿಟ್ಕೊಳ್ಳಿ, ಹೊಸದು ತಗೊಳೋವಾಗ ಅಂಗಡಿಯಲ್ಲಿ ಅದನ್ನೇ ಹೋಲಿಸಿ, ಆನ್‌ಲೈನ್ ಆದ್ರೆ ಆಳ ಎಷ್ಟು ಅಂತ ಕೇಳಿ.

ಎರಡು, ತಲೆಯ ಆಕಾರ. 58 ಇರೋ ಇಬ್ಬರಲ್ಲಿ ಒಬ್ಬರದ್ದು ಮುಂದೆ ಹಿಂದೆ ಉದ್ದ, ಇನ್ನೊಬ್ಬರದ್ದು ಹೆಚ್ಚುಕಡಿಮೆ ಗುಂಡಗೆ ಇರಬಹುದು. ಉದ್ದ ತಲೆಯವರಿಗೆ ಹಣೆ ಮತ್ತು ಹಿಂದೆ ಒತ್ತತ್ತೆ, ಕಿವಿ ಮೇಲೆ ಬೆರಳು ತೂರೋಷ್ಟು ಸಂದು ಇರತ್ತೆ. ಗುಂಡು ತಲೆಯವರಿಗೆ ಉಲ್ಟಾ, ಪಕ್ಕದಲ್ಲಿ ಒತ್ತತ್ತೆ. ಮೆತ್ತಗಿನ ಕಾಟನ್ ಕ್ಯಾಪಲ್ಲಿ ಇದು ಅಷ್ಟು ಗೊತ್ತಾಗಲ್ಲ, ಮುಂದೆ ಗಟ್ಟಿ ಬಟ್ಟೆ ಇರೋ ಕ್ಯಾಪು ಅಥವಾ ಹುಲ್ಲಿನ ಹ್ಯಾಟಲ್ಲಿ ಚೆನ್ನಾಗಿ ಗೊತ್ತಾಗತ್ತೆ. ಒಂದು ಸೈಜು ದೊಡ್ಡದು ತಗೊಂಡು, ಸಂದು ಇರೋ ಜಾಗದಲ್ಲಿ ಮಾತ್ರ ಒಳಗಿನ ಬಟ್ಟೆ ಪಟ್ಟಿಯ ಹಿಂದೆ ತೆಳು ಸ್ಪಂಜಿನ ತುಂಡು ಸೇರಿಸಿ. ಸುತ್ತ ಪೂರ್ತಿ ಹಾಕ್ಬೇಡಿ, ಮತ್ತೆ ಮೊದಲಿನ ಬಿಗಿನೇ ಆಗತ್ತೆ.

7 1/4 ಅಂತ ಬರೆದಿರೋ ಹ್ಯಾಟು

ಪಟ್ಟಿ ಇಲ್ಲದ ಹ್ಯಾಟಲ್ಲಿ ಕೆಲವು ಸಲ ಈ ಥರ ಅಂಕೆ ಇರತ್ತೆ. ತಲೆ ಸುತ್ತಳತೆಯನ್ನ ಇಂಚಲ್ಲಿ ತಗೊಂಡು 3.14ರಿಂದ ಭಾಗಿಸಿದ್ರೆ ಬರೋದೇ ಅದು, ಅಂದ್ರೆ ತಲೆ ಗುಂಡಗೆ ಇದ್ದಿದ್ರೆ ಅದರ ಅಡ್ಡಳತೆ. 58 ಸೆಂಟಿಮೀಟರ್ ಅಂದ್ರೆ 22.83 ಇಂಚು, ಭಾಗಿಸಿದ್ರೆ 7.27, ಹತ್ತಿರದ್ದು 7 1/4. ಇದು ಅಮೆರಿಕದ ಸೈಜು. ಬ್ರಿಟನ್ ಸೈಜು ಅದೇ ತಲೆಗೆ 1/8 ಕಡಿಮೆ ಇರತ್ತೆ, 7 1/8. ಒಂದು 1/8 ಅಂದ್ರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಹಾಗಾಗಿ 58ಕ್ಕೆ ಎಷ್ಟು ಅಂತ ಗೊತ್ತಿದ್ರೆ ಉಳಿದದ್ದು ಮೇಲೆ ಕೆಳಗೆ ಎಣಿಸ್ಕೊಂಡು ಹೋಗಬಹುದು. ಎಂ ಅಂದ್ರೆ ಹೆಚ್ಚಾಗಿ 57-58, ಎಲ್ ಅಂದ್ರೆ 59-60, ಆದ್ರೆ ಕಂಪನಿಯಿಂದ ಕಂಪನಿಗೆ ಬದಲಾಗೋದ್ರಿಂದ ಅಕ್ಷರ ಬಿಟ್ಟು ಸೆಂಟಿಮೀಟರ್ ನೋಡಿ.

ಮಕ್ಕಳಿಗೆ

ಮಕ್ಕಳ ತಲೆ ಮೊದಲ ವರ್ಷ ಬೇಗ ಬೆಳೆಯತ್ತೆ, ಹುಟ್ಟಿದಾಗ ಸುಮಾರು 35 ಇದ್ದದ್ದು ವರ್ಷ ತುಂಬೋ ಹೊತ್ತಿಗೆ 46ರ ಹತ್ತಿರ ಬಂದಿರತ್ತೆ, ಆಮೇಲೆ ತುಂಬಾ ನಿಧಾನ. ಹಾಗಾಗಿ ವಯಸ್ಸು ನೋಡಿ ತಗೊಳೋದಕ್ಕಿಂತ ಅಳೆದು ತಗೊಳ್ಳಿ, ದೊಡ್ಡವರಿಗೆ ಪಟ್ಟಿ ನಡುವಲ್ಲಿ ಇರಲಿ ಅಂದೆ, ಮಕ್ಕಳಿಗೆ ಮಾತ್ರ ಚಿಕ್ಕ ಕಡೆಯ ಎರಡನೇ ಮೂರನೇ ತೂತಲ್ಲಿ ಕೂರೋ ಹಾಗೆ ತಗೊಂಡ್ರೆ ಮುಂದಿನ ಸಲದ ಬೇಸಿಗೆಗೂ ಬರತ್ತೆ. ಗಲ್ಲದ ಕೆಳಗೆ ಕಟ್ಟೋ ಹಗ್ಗ ಇದ್ರೆ, ಎಳೆದ್ರೆ ತಾನೇ ಬಿಟ್ಟುಕೊಳ್ಳೋ ಥರದ್ದೇ ಇರಲಿ, ಆಟದಲ್ಲಿ ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಕುತ್ತಿಗೆಗೆ ಅಪಾಯ.

ಮಳೆಗಾಲ ಮತ್ತು ತೊಳೆಯೋದು

ಕಾಟನ್ ಕ್ಯಾಪು ಮೊದಲ ಸಲ ತೊಳೆದಾಗ ಸ್ವಲ್ಪ ಕುಗ್ಗತ್ತೆ, ಬಿಸಿನೀರಲ್ಲಿ ಇನ್ನೂ ಜಾಸ್ತಿ. ಹೊಸ ಕ್ಯಾಪಲ್ಲಿ ನೀವು ದೊಡ್ಡ ತುದಿಯಿಂದ ಎರಡನೇ ತೂತಲ್ಲಿ ಇದ್ರೆ ತೊಳೆದ ಮೇಲೆ ಕೊನೇ ತೂತಿಗೆ ಹೋಗ್ತೀರಿ, ಅದನ್ನೂ ಲೆಕ್ಕ ಹಾಕಿ. ಉಣ್ಣೆ ಹ್ಯಾಟು ನೆನೆದು ಒಣಗಿದ್ರೆ ಅದಕ್ಕಿಂತ ಹೆಚ್ಚು ಕುಗ್ಗಬಹುದು.

ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಎಲ್ಲ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸೋದು ರೂಢಿ, ಕ್ಯಾಪನ್ನ ಮಾತ್ರ ಅಲ್ಲಿ ಹಾಕ್ಬೇಡಿ. ಶಾಖಕ್ಕೆ ಬಟ್ಟೆ ಕುಗ್ಗತ್ತೆ, ಪ್ಲಾಸ್ಟಿಕ್ ಪಟ್ಟಿ ಸೊಟ್ಟ ಆಗಿ ಗುಂಡಿ ತೂತು ಒಂದಕ್ಕೊಂದು ಕೂರಲ್ಲ. ತಣ್ಣೀರಲ್ಲಿ ಕೈಯಲ್ಲಿ ತೊಳೆದು, ಹಿಂಡದೆ ಟವೆಲಲ್ಲಿ ಒತ್ತಿ ನೀರು ತೆಗೆದು, ಕವುಚಿಟ್ಟ ಪಾತ್ರೆ ಮೇಲೆ ಹಾಕಿ ಗಾಳಿಗೆ ಇಡಿ. ಪಾತ್ರೆ ಎಷ್ಟಿರಬೇಕು ಅಂದ್ರೆ ನಿಮ್ಮ ತಲೆ ಅಳತೆಯನ್ನ 3.14ರಿಂದ ಭಾಗಿಸಿ, 58ಕ್ಕೆ 18.5 ಬರತ್ತೆ, ಅಂದ್ರೆ 18 ಸೆಂಟಿಮೀಟರ್ ಅಗಲದ ಪಾತ್ರೆ ಸರಿ ಹೋಗತ್ತೆ. ಪಟ್ಟಿಯನ್ನ ನೀವು ದಿನಾ ಹಾಕೋ ತೂತಿಗೇ ಹಾಕಿ ಒಣಗಿಸಿ, ಒಣಗಿದ ಮೇಲೆ ಕ್ಯಾಲೆಂಡರ್ ಪಟ್ಟಿ ಒಳಗೆ ಇಟ್ಟು ಮತ್ತೊಂದ್ಸಲ ಅಳೆದ್ರೆ ಎಷ್ಟು ಕುಗ್ಗಿದೆ ಅಂತ ಗೊತ್ತಾಗತ್ತೆ.

ಟೀಮಿಗೆ ಆರ್ಡರ್ ಕೊಡೋರು ಎಲ್ಲರ ತಲೆ ಅಳೀಬೇಕು ಅಂತೇನಿಲ್ಲ. 56ಕ್ಕಿಂತ ಕಡಿಮೆ ಯಾರದ್ದು, 59ಕ್ಕಿಂತ ಜಾಸ್ತಿ ಯಾರದ್ದು ಅಂತ ಮಾತ್ರ ನೋಡಿ ಆ ಹೆಸರುಗಳನ್ನ ಬೇರೆ ಬರ್ಕೊಳ್ಳಿ, ಅವರಿಗೆ ಚಿಕ್ಕದು ದೊಡ್ಡದು ಬೇರೆ ಹೇಳಿ, ಉಳಿದವರಿಗೆಲ್ಲ ಮಾಮೂಲಿ ಕ್ಯಾಪು ನಡೆಯತ್ತೆ.